ನಿಯಾಸಿನಮೈಡ್, ಅಜಿಲೈಕ್, ಅಡಾಪಲೀನ್: ಯಾವುದಕ್ಕೆ ಎಷ್ಟು ವಾರ ಕಾಯಬೇಕು?

ಗದ್ದದ ಮೊಡವೆಗೆ ಮುಖಕ್ಕೆ ಹಚ್ಚುವ ಈ ಮೂರು ಔಷಧಿಗಳನ್ನೂ ಒಂದಾದ ಮೇಲೊಂದು ಹಚ್ಚಿ ನೋಡಿದ್ದೇನೆ. ಒಟ್ಟಿಗೆ ಶುರು ಮಾಡಿದರೆ ಯಾವುದು ಕೆಲಸ ಮಾಡಿತು, ಯಾವುದು ಉರಿ ತಂದಿತು ಅಂತ ಗೊತ್ತೇ ಆಗಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಅಡುಗೆಮನೆ ಕಿಟಕಿ ಹತ್ತಿರ ಒಂದೇ ಬೆಳಕಿನಲ್ಲಿ ಫೋಟೋ ತೆಗೆದು, ಆ ವಾರ ಹೊಸದಾಗಿ ಎದ್ದ ಮೊಡವೆ ಎಷ್ಟು ಅಂತ ಕ್ಯಾಲೆಂಡರ್ ಮೇಲೆ ಬರೆದಿಡುತ್ತಿದ್ದೆ. ಹಳೆ ಕಲೆಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಮೊಡವೆ ನಿಂತ ಮೇಲೂ ಕಲೆ ತಿಂಗಳುಗಟ್ಟಲೆ ಇರುತ್ತದೆ, ಅದನ್ನು ನೋಡಿ ಏನೂ ಆಗಿಲ್ಲ ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಶುರುವಿನಲ್ಲಿ ನನ್ನ ಲೆಕ್ಕ ವಾರಕ್ಕೆ 7. ನಿಯಾಸಿನಮೈಡ್ 5% ಹಚ್ಚಿದಾಗ ಮೂರನೇ ವಾರಕ್ಕೇ ಮಧ್ಯಾಹ್ನದ ಎಣ್ಣೆ ಜಿಡ್ಡು ಕಡಿಮೆ ಆಯಿತು, ಎಂಟು ವಾರಕ್ಕೆ ಕಲೆ ಸ್ವಲ್ಪ ತಿಳಿಯಾಯಿತು, ಆದರೆ ಮೊಡವೆ 6ಕ್ಕೇ ನಿಂತಿತು. ಎಂಟು ವಾರ ಸಾಕು ಇದಕ್ಕೆ. ಅಜಿಲೈಕ್ ಆಸಿಡ್ 10% ಮೊದಲ ಎರಡು ವಾರ ಹಚ್ಚಿದ ಕೂಡಲೇ ಚುರುಚುರು ಅನ್ನುತ್ತದೆ. ಮೊಡವೆ ಕಡಿಮೆ ಆಗಿದ್ದು ಆರನೇ ವಾರದಲ್ಲಿ, ಕಲೆ ತಿಳಿಯಾಗಲು ಮೂರು ತಿಂಗಳು ಬೇಕಾಯಿತು. ಕಲೆಗೆ ನನ್ನ ಆಯ್ಕೆ ಇದೇ. ಆದರೆ ವಿಜಯಪುರದ ಬಿಸಿಲಿನಲ್ಲಿ ಸನ್‌ಸ್ಕ್ರೀನ್ ಇಲ್ಲದೆ ಓಡಾಡಿದರೆ ಇದನ್ನು ಹಚ್ಚಿದ್ದೂ ಸುಮ್ನೆ.

ಅಡಾಪಲೀನ್ 0.1% ವಿಷಯದಲ್ಲೇ ಜನ ಮೋಸ ಹೋಗುವುದು ಜಾಸ್ತಿ. ಮೂರನೇ ವಾರ ನನ್ನ ಲೆಕ್ಕ 11ಕ್ಕೆ ಏರಿತು. ವೈನಿ ನೋಡಿ, "ಮುಖಾನೇ ಕೆಡಸ್ಕೊಳ್ಳಾಕತ್ತಿಯಲ್ಲ, ಬಿಟ್ಟುಬಿಡವ್ವಾ" ಅಂದರು. ಬಿಡಲಿಲ್ಲ, ಯಾಕೆಂದರೆ ಎದ್ದವೆಲ್ಲ ನನಗೆ ಯಾವಾಗಲೂ ಏಳುವ ಗದ್ದದ ಮೇಲೇ ಇದ್ದವು, ಸಣ್ಣವು, ನಾಲ್ಕೈದು ದಿನಕ್ಕೆ ಇಳಿಯುತ್ತಿದ್ದವು. ಮೊಡವೆ ಕಣ್ಣಿಗೆ ಕಾಣುವುದಕ್ಕೆ ವಾರಗಳ ಮೊದಲೇ ಚರ್ಮದ ಒಳಗೆ ರಂಧ್ರ ಕಟ್ಟಿಕೊಂಡಿರುತ್ತದೆ, ಅಡಾಪಲೀನ್ ಹಚ್ಚಿದಾಗ ಆ ಮೊಡವೆಗಳೇ ಬೇಗ ಮೇಲೆ ಬರುತ್ತವೆ. ಯಾವತ್ತೂ ಏಳದ ಜಾಗದಲ್ಲಿ ಎದ್ದರೆ, ಕೆಂಪಾಗಿ ತುರಿಸಿದರೆ ಅದು ಬೇರೆ, ಚರ್ಮಕ್ಕೆ ಒಗ್ಗಿಲ್ಲ ಅಂತ ಅರ್ಥ, ನಿಲ್ಲಿಸಿ. ಏಳನೇ ವಾರ 5, ಹನ್ನೆರಡನೇ ವಾರ 2. ಹನ್ನೆರಡಕ್ಕೆ ಮೊದಲು ಇದರ ಬಗ್ಗೆ ತೀರ್ಪು ಕೊಡಬೇಡಿ.

ನಡುವೆ ಒಂದು ತಪ್ಪು ಮಾಡಿದೆ. ಬೇಗ ವಾಸಿಯಾಗಲಿ ಅಂತ ದಿನಾ ರಾತ್ರಿ ಅಡಾಪಲೀನ್ ದಪ್ಪಗೆ ಹಚ್ಚಿದೆ. ಇಲ್ಲಿನ ಒಣ ಹವೆ ಬೇರೆ, ಬಾಯಿ ಪಕ್ಕ ಸಿಪ್ಪೆ ಎದ್ದು ಬರೀ ನೀರು ತಾಗಿದರೂ ಉರಿಯುತ್ತಿತ್ತು. ಆಮೇಲೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಜೆಲ್, ಅದೂ ದಿನ ಬಿಟ್ಟು ದಿನ. ಒಂದೂವರೆ ವಾರದಲ್ಲಿ ಉರಿ ನಿಂತಿತು.

ಬಸಿರಿದ್ದರೆ, ಮಗುವಿಗೆ ಪ್ರಯತ್ನಿಸುತ್ತಿದ್ದರೆ ಅಡಾಪಲೀನ್ ಬೇಡ. ಗಂಟಿನಂಥ ನೋಯುವ ಮೊಡವೆ ಇದ್ದವರು ಹನ್ನೆರಡು ವಾರ ಕಾಯಬೇಡಿ, ಅವು ಗುಳಿ ಬಿಟ್ಟು ಹೋಗುತ್ತವೆ, ಈಗಲೇ ಚರ್ಮದ ಡಾಕ್ಟರ್ ಹತ್ತಿರ ಹೋಗಿ.