ಬಾಡಿಗೆ ಚಾಟ್‌ಬಾಟ್ ಸೇವೆ, 10 ತಿಂಗಳ ಬಳಕೆ: ಉದ್ದ ಪ್ರಾಂಪ್ಟ್‌ನ ನಡುವಿನ ಸೂಚನೆಯನ್ನು ಬಾಟ್ ಯಾಕೆ ಬಿಡುತ್ತದೆ?

ರೇಟಿಂಗ್: 5ಕ್ಕೆ 3

ಆನ್‌ಲೈನ್ ಸೀರೆ ಅಂಗಡಿಯೊಂದರ ಗ್ರಾಹಕರಿಗೆ ಉತ್ತರ ಕೊಡಲು ಈ ಸೇವೆ 10 ತಿಂಗಳಿಂದ ಓಡುತ್ತಿದೆ. ಹೊಂದಿಸುವುದು ಸುಲಭ, ಉತ್ತರ ಬೇಗ ಬರುತ್ತದೆ, ಕನ್ನಡವೂ ಚೆನ್ನಾಗಿದೆ. ಮೂರು ಅಂಕಕ್ಕೆ ನಿಲ್ಲಿಸಿರುವುದು ಒಂದೇ ತೊಂದರೆಗೆ. ಸಿಸ್ಟಮ್ ಪ್ರಾಂಪ್ಟ್, ಅಂದರೆ ಬಾಟ್‌ಗೆ ಮೊದಲೇ ಬರೆದು ಕೊಡುವ ಸೂಚನೆಗಳ ಪಠ್ಯ ಬೆಳೆದು, ಬಾಟ್ ಪಠ್ಯವನ್ನು ಒಡೆದು ಓದುವ ತುಣುಕುಗಳಾದ ಟೋಕನ್‌ಗಳ ಲೆಕ್ಕದಲ್ಲಿ 9,000 ಆಸುಪಾಸಿಗೆ ಬಂದ ಮೇಲೆ, ನಡುವೆ ಬರೆದ ಸೂಚನೆಯನ್ನು ಬಾಟ್ ಒಮ್ಮೆ ಪಾಲಿಸುತ್ತದೆ, ಇನ್ನೊಮ್ಮೆ ಬಿಡುತ್ತದೆ. ಇದರಲ್ಲಿ ಸೇವೆಯ ತಪ್ಪೆಷ್ಟು, ಪ್ರಾಂಪ್ಟ್ ಬರೆದವರ ತಪ್ಪೆಷ್ಟು ಎಂದು ಬಿಡಿಸಿ ನೋಡುವ ದಾರಿ ಇಲ್ಲಿದೆ.

ತಪ್ಪುತ್ತಿದ್ದ ಸೂಚನೆ ಇದು: "ಆರ್ಡರ್ ಸಂಖ್ಯೆ ಸಿಗುವ ಮೊದಲು ಹಣ ವಾಪಸಾಗುವ ದಿನ ಹೇಳಬೇಡಿ, ಮೊದಲು ಸಂಖ್ಯೆ ಕೇಳಿ." ಗ್ರಾಹಕರು "ಸೀರೆ ವಾಪಸ್ ಕಳಿಸಿದ್ದೇನೆ, ದುಡ್ಡು ಯಾವಾಗ ಬರುತ್ತೆ?" ಎಂದು ಕೇಳಿದರೆ ಬಾಟ್ ಸಂಖ್ಯೆ ಕೇಳದೆಯೇ "3 ದಿನದಲ್ಲಿ ಬರುತ್ತದೆ" ಎಂದುಬಿಡುತ್ತಿತ್ತು. ಅಂಗಡಿಗೆ ಇದು ಸಣ್ಣ ತಪ್ಪಲ್ಲ, ಯಾಕೆಂದರೆ ಬರೆದು ಕೊಟ್ಟ ಮಾತನ್ನು ಗ್ರಾಹಕರು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುತ್ತಾರೆ.

ಮೊದಲು ನೋಡಬೇಕಾದದ್ದು, ಆ ಸೂಚನೆ ಬಾಟ್‌ನ ಹಿಂದಿರುವ ಭಾಷಾ ಮಾಡೆಲ್‌ವರೆಗೆ ತಲುಪುತ್ತಿದೆಯೇ ಎಂದು. ಕೆಲವು ವೇದಿಕೆಗಳು ಮಿತಿ ಮೀರಿದ ಪಠ್ಯವನ್ನು ಸದ್ದಿಲ್ಲದೆ ಕತ್ತರಿಸುತ್ತವೆ. ಕನ್ನಡದಲ್ಲಿ ಪ್ರಾಂಪ್ಟ್ ಬರೆಯುವವರು ಇದನ್ನು ಹೆಚ್ಚು ಗಮನಿಸಬೇಕು: ಅದೇ ವಿಷಯವನ್ನು ಕನ್ನಡದಲ್ಲಿ ಬರೆದರೆ ಸಾಮಾನ್ಯವಾಗಿ ಇಂಗ್ಲಿಷ್‌ಗಿಂತ ಹೆಚ್ಚು ಟೋಕನ್ ಆಗುತ್ತದೆ. ಹಾಗಾಗಿ ಪುಟ ಎಣಿಸಬೇಡಿ, ಅಕ್ಷರವನ್ನೂ ಎಣಿಸಬೇಡಿ, ಬಳಸುವ ಮಾಡೆಲ್‌ನದೇ ಟೋಕನ್ ಎಣಿಕೆ ನೋಡಿ. ಈ ಸೇವೆಯಲ್ಲಿ ಮಾಡೆಲ್‌ಗೆ ಹೋದ ಪೂರ್ತಿ ಪಠ್ಯ ಲಾಗ್‌ನಲ್ಲಿ ಸಿಗುತ್ತದೆ. ಇದು ದೊಡ್ಡ ಅನುಕೂಲ, ಮೂರು ಅಂಕದಲ್ಲಿ ಒಂದು ಇದಕ್ಕೇ. ಲಾಗ್ ಸಿಗದ ಕಡೆ, ಸೂಚನೆಯ ಪಕ್ಕದಲ್ಲೇ "ಗುರುತಿನ ಮಾತು: ನೀಲಿ ಕೊಡೆ 47" ಎಂಬಂಥ ಎಲ್ಲೂ ಸಿಗದ ಪದಗುಚ್ಛ ಸೇರಿಸಿ, ಪರೀಕ್ಷೆಯ ಚಾಟ್‌ನಲ್ಲಿ ಅದೇನೆಂದು ಕೇಳಿ. ಸರಿಯಾಗಿ ಹೇಳಿದರೆ ಪಠ್ಯ ತಲುಪಿದೆ ಎಂದಷ್ಟೇ ಅರ್ಥ. ಕೇಳಿದಾಗ ಹೇಳುವುದು ಬೇರೆ, ಯಾರೂ ನೆನಪಿಸದೆ ಪಾಲಿಸುವುದು ಬೇರೆ. ನಮ್ಮ ಬಾಟ್ ಗುರುತಿನ ಮಾತನ್ನು ತಪ್ಪದೆ ಹೇಳಿತು, ಆದರೂ ಸಂಖ್ಯೆ ಕೇಳಲಿಲ್ಲ.

ಎರಡನೆಯದು ಜಾಗದ ಪರೀಕ್ಷೆ. ಗ್ರಾಹಕರ ಒಂದೇ ಪ್ರಶ್ನೆಯನ್ನು ಪ್ರತಿ ಸಲ ಹೊಸ ಚಾಟ್ ತೆರೆದು 20 ಸಲ ಕೇಳಿ, ಎಷ್ಟು ಸಲ ಸೂಚನೆ ಪಾಲನೆಯಾಯಿತು ಎಂದು ಬರೆದಿಡಿ. ಒಂದೆರಡು ಸಲ ಕೇಳಿ ತೀರ್ಮಾನಕ್ಕೆ ಬಂದರೆ ಮೋಸಹೋಗಬಹುದು, ಏಕೆಂದರೆ ಉತ್ತರ ಪ್ರತಿ ಸಲ ಒಂದೇ ಇರುವುದಿಲ್ಲ. ಇದನ್ನು ನಾಲ್ಕು ಬಗೆಯಲ್ಲಿ ಮಾಡಬೇಕು: ಸೂಚನೆ ಒಂದೇ ಇರುವ ಪುಟ್ಟ ಪ್ರಾಂಪ್ಟ್, ಆಮೇಲೆ ಪೂರ್ತಿ ಪ್ರಾಂಪ್ಟ್‌ನಲ್ಲಿ ಸೂಚನೆ ಮೊದಲಿಗೆ, ನಡುವಿಗೆ, ಕೊನೆಗೆ. ಸೂಚನೆಯ ಒಂದು ಅಕ್ಷರವೂ ಬದಲಾಗಬಾರದು. ಪುಟ್ಟ ಪ್ರಾಂಪ್ಟ್‌ನಲ್ಲೇ ತಪ್ಪಿದರೆ ವಾಕ್ಯವೇ ಸ್ಪಷ್ಟವಿಲ್ಲ. ಅಲ್ಲಿ ಸರಿಯಿದ್ದು ನಡುವೆ ಮಾತ್ರ ತಪ್ಪಿದರೆ ಜಾಗದ ತೊಂದರೆ. ಉದ್ದ ಪ್ರಾಂಪ್ಟ್‌ನಲ್ಲಿ ಎಲ್ಲಿಟ್ಟರೂ ತಪ್ಪಿದರೆ, ಬೇರೇನೋ ಅದಕ್ಕೆ ಎದುರು ನಿಂತಿರಬಹುದು.

ಜಾಗದ ತೊಂದರೆ ಕಟ್ಟುಕತೆಯಲ್ಲ. ಉದ್ದ ಪಠ್ಯದ ಮೊದಲಿನ ಮತ್ತು ಕೊನೆಯ ಮಾಹಿತಿಯನ್ನು ಮಾಡೆಲ್‌ಗಳು ಚೆನ್ನಾಗಿ ಬಳಸುತ್ತವೆ, ನಡುವಿನದನ್ನು ಕಡಿಮೆ ಬಳಸುತ್ತವೆ ಎಂದು 2023ರಲ್ಲೇ ಸ್ಟ್ಯಾನ್‌ಫರ್ಡ್ ಮತ್ತಿತರ ಕಡೆಯ ಸಂಶೋಧಕರು ತೋರಿಸಿದ್ದಾರೆ. ಆದರೆ ಅವರು ಅಳೆದದ್ದು ಪಠ್ಯದೊಳಗಿನ ಉತ್ತರವನ್ನು ಹುಡುಕಿ ತೆಗೆಯುವ ಕೆಲಸವನ್ನು, ಸೂಚನೆ ಪಾಲಿಸುವುದನ್ನಲ್ಲ. ಅದನ್ನೇ ನೆಪ ಮಾಡಿ ಎಲ್ಲ ತಪ್ಪನ್ನೂ "ನಡು ಮರೆತಿದೆ" ಎಂಬ ಲೆಕ್ಕಕ್ಕೆ ಹಾಕಬಾರದು.

ನಮ್ಮಲ್ಲಿ ಸೂಚನೆಯನ್ನು ಕೊನೆಗೆ ಒಯ್ದಾಗ ಪಾಲನೆ ಹೆಚ್ಚಿತು, ಆದರೆ ಪೂರ್ತಿ ಸರಿಹೋಗಲಿಲ್ಲ. ಹಾಗಾದರೆ ಎದುರು ನಿಂತಿರುವುದು ಯಾವುದು? ಅದನ್ನು ಹಿಡಿಯಲು ಅರ್ಧ ಮಾಡುತ್ತಾ ಹೋಗುವುದೇ ಸರಿ. ಪ್ರಾಂಪ್ಟ್‌ನಲ್ಲಿ 24 ವಿಭಾಗಗಳಿದ್ದವು. ಸೂಚನೆಯನ್ನು ಹಾಗೇ ಉಳಿಸಿ 12 ವಿಭಾಗ ತೆಗೆಯಿರಿ. ಸರಿಹೋದರೆ ಅಪರಾಧಿ ತೆಗೆದದ್ದರಲ್ಲಿದೆ, ಇಲ್ಲದಿದ್ದರೆ ಉಳಿದದ್ದರಲ್ಲಿ. ಆಮೇಲೆ 6, 3, ಹೀಗೆ ನಾಲ್ಕೈದು ಸುತ್ತಿನಲ್ಲಿ ಒಂದು ವಿಭಾಗಕ್ಕೆ ಬಂದು ನಿಲ್ಲುತ್ತೀರಿ. ಒಂದು ಎಚ್ಚರ ಬೇಕು: ವಿಭಾಗ ತೆಗೆದಾಗ ಪ್ರಾಂಪ್ಟ್ ಚಿಕ್ಕದೂ ಆಗುತ್ತದೆ, ಆದ್ದರಿಂದ ಸುಧಾರಣೆ ಉದ್ದ ಕಡಿಮೆಯಾದದ್ದರಿಂದಲೋ ವಿರೋಧ ಹೋದದ್ದರಿಂದಲೋ ತಿಳಿಯುವುದಿಲ್ಲ. ತೆಗೆದ ಜಾಗಕ್ಕೆ ಅಷ್ಟೇ ಟೋಕನ್‌ಗಳ, ವಿಷಯಕ್ಕೆ ಸಂಬಂಧವಿಲ್ಲದ ಪಠ್ಯ ತುಂಬಿದರೆ ಈ ಗೊಂದಲ ತಪ್ಪುತ್ತದೆ. ಸೀರೆ ಒಗೆಯುವ, ಮಡಿಸುವ ವಿಧಾನ ತುಂಬಿದರೂ ನಡೆಯುತ್ತದೆ.

ಕೊನೆಗೆ ಸಿಕ್ಕಿದ್ದು ನಿಯಮವಲ್ಲ, ಮಾದರಿ ಸಂಭಾಷಣೆ. ಬಾಟ್‌ನ ಮಾತಿನ ಧಾಟಿ ತೋರಿಸಲು 18ನೇ ವಿಭಾಗದಲ್ಲಿ ಇದನ್ನು ಬರೆಯಲಾಗಿತ್ತು:

```
ಗ್ರಾಹಕ: ದುಡ್ಡು ಯಾವಾಗ ವಾಪಸ್ ಬರುತ್ತೆ?
ಬಾಟ್: ಚಿಂತೆ ಬೇಡ, 3 ದಿನದಲ್ಲಿ ಬರುತ್ತದೆ.
```

ಈ ಎರಡು ಸಾಲು, ಮೇಲಿನ ನಿಯಮವನ್ನು ಎಷ್ಟೋ ಸಲ ಎಳೆದು ಕೆಳಗೆ ಹಾಕುತ್ತಿದ್ದವು. ಗ್ರಾಹಕರ ಪ್ರಶ್ನೆ ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಬಂದಾಗ, ನಿಯಮ ಹೇಳುವ ಅಮೂರ್ತ ವಾಕ್ಯಕ್ಕಿಂತ ಕಣ್ಣಮುಂದಿನ ಮಾದರಿ ಉತ್ತರವನ್ನೇ ಮಾಡೆಲ್ ಹೆಚ್ಚಾಗಿ ಅನುಸರಿಸುತ್ತದೆ. ಮಾದರಿಯನ್ನು ತಿದ್ದಿ, ಬಾಟ್ ಮೊದಲು ಆರ್ಡರ್ ಸಂಖ್ಯೆ ಕೇಳುವ ಹಾಗೆ ಬರೆದಾಗ, ಸೂಚನೆ ಹಳೆಯ ಜಾಗದಲ್ಲೇ ಇದ್ದರೂ ತಪ್ಪು ಬಹುಪಾಲು ನಿಂತಿತು. ಹಾಗಾಗಿ ಸೂಚನೆಯನ್ನು ಜರುಗಿಸುವ ಮೊದಲು ಪ್ರಾಂಪ್ಟ್‌ನ ಎಲ್ಲ ಉದಾಹರಣೆಗಳನ್ನೂ ನಿಯಮಗಳ ಎದುರಿಟ್ಟು ಓದುವುದು ಒಳ್ಳೆಯದು. "ಗ್ರಾಹಕರನ್ನು ಕಾಯಿಸಬೇಡಿ", "ಎರಡೇ ಸಾಲಿನಲ್ಲಿ ಮುಗಿಸಿ" ಎಂಬ ಸಾಧಾರಣ ಸಾಲುಗಳೂ ಸಂಖ್ಯೆ ಕೇಳುವುದನ್ನು ತಡೆಯಬಹುದು.

ಸೇವೆಯ ತಪ್ಪು ಎಲ್ಲಿ ಅಂದರೆ, ನಾವು ಬರೆದ ಪ್ರಾಂಪ್ಟ್‌ನ ಕೆಳಗೆ ಅದು ತನ್ನದೇ ಸುಮಾರು 700 ಟೋಕನ್‌ಗಳ ಸೂಚನೆ ಅಂಟಿಸುತ್ತದೆ. ಸೆಟ್ಟಿಂಗ್ಸ್ ಪುಟದಲ್ಲಿ ಇದರ ಸುಳಿವಿಲ್ಲ, ಲಾಗ್‌ನಲ್ಲಿ ಮಾತ್ರ ಕಾಣುತ್ತದೆ. ನಾವು "ಕೊನೆ" ಎಂದು ನಂಬಿದ್ದು ಕೊನೆಯೇ ಆಗಿರಲಿಲ್ಲ. ಜೊತೆಗೆ, ಮಾತು ಮುಂದುವರಿದಂತೆ ಇಡೀ ಸಿಸ್ಟಮ್ ಪ್ರಾಂಪ್ಟ್ ಹಿಂದಕ್ಕೆ ಸರಿಯುತ್ತದೆ: 15ನೇ ಸಂದೇಶದ ಹೊತ್ತಿಗೆ ಪ್ರಾಂಪ್ಟ್‌ನ ಕೊನೆ ಸಾಲೂ ಒಟ್ಟು ಪಠ್ಯದ ಕೊನೆಯಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಪರೀಕ್ಷೆಯನ್ನು ಮೊದಲ ಸಂದೇಶಕ್ಕೆ ಒಮ್ಮೆ, 15ನೆಯದಕ್ಕೆ ಇನ್ನೊಮ್ಮೆ ಮಾಡಬೇಕು.

ಈಗ ಉಳಿಸಿಕೊಂಡಿರುವ ವ್ಯವಸ್ಥೆ ಹೀಗಿದೆ. ನಿಯಮವನ್ನು `<refund_rule>` ಎಂಬ ಗುರುತಿನೊಳಗೆ ಇಟ್ಟು, ಅದನ್ನೇ ಒಂದು ಸಾಲಿಗೆ ಇಳಿಸಿ ಪ್ರತಿ ಗ್ರಾಹಕ ಸಂದೇಶದ ಜೊತೆ ಕಳಿಸಲಾಗುತ್ತಿದೆ. ಈ ಸೇವೆಯಲ್ಲಿ ಅದಕ್ಕೆ ಅವಕಾಶವಿದೆ, ತಗಲುವುದು ಸಂದೇಶಕ್ಕೆ 40 ಟೋಕನ್‌ನಷ್ಟು. ಪ್ರಾಂಪ್ಟ್‌ನ ಎಲ್ಲ ನಿಯಮಗಳನ್ನೂ ಹೀಗೆ ಕಳಿಸಿದರೆ ಪ್ರಯೋಜನವಿಲ್ಲ, ಅವೇ ಒಂದರ ಗಮನವನ್ನು ಇನ್ನೊಂದು ಕಸಿಯುತ್ತವೆ. ಹಣದ ವಿಷಯಕ್ಕೆ ಅಷ್ಟೂ ಸಾಲದೆಂದು, ದಿನಾಂಕ ತರುವ ಟೂಲ್‌ಗೇ ಆರ್ಡರ್ ಸಂಖ್ಯೆಯನ್ನು ಕಡ್ಡಾಯ ಮಾಡಿ, ಪ್ರಾಂಪ್ಟ್‌ನಲ್ಲಿದ್ದ "3 ದಿನ" ಎಂಬ ಅಂಕಿಯನ್ನು ಅಳಿಸಲಾಗಿದೆ. ಸಂಖ್ಯೆಯಿಲ್ಲದೆ ಟೂಲ್ ಏನೂ ಕೊಡುವುದಿಲ್ಲ, ಎತ್ತಿ ಹೇಳಲು ಪ್ರಾಂಪ್ಟ್‌ನಲ್ಲೂ ಯಾವ ದಿನವೂ ಉಳಿದಿಲ್ಲ.

ಸೇವೆ ತನ್ನ 700 ಟೋಕನ್‌ಗಳನ್ನು ಸೆಟ್ಟಿಂಗ್ಸ್‌ನಲ್ಲಿ ತೋರಿಸಿ, ನಮ್ಮ ಪ್ರಾಂಪ್ಟ್‌ನ ಮೇಲೆ ಇಡುವ ಆಯ್ಕೆ ಕೊಟ್ಟ ದಿನ ರೇಟಿಂಗ್ 4ಕ್ಕೆ ಏರುತ್ತದೆ.