ಪೀರಿಯಡ್ಸ್ ಟ್ರ್ಯಾಕರ್ ಆ್ಯಪ್: ತಾರೀಖಿಗೆ ಓಕೆ, ಹಸಿವಿನ ಲೆಕ್ಕಕ್ಕೆ ಅಷ್ಟಕ್ಕಷ್ಟೇ

ಈ ಆ್ಯಪನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಮುಟ್ಟಿನ ತಾರೀಖು ಹೇಳುವುದರಲ್ಲಿ ಪರವಾಗಿಲ್ಲ. ಆದರೆ 'ಇನ್ನು ಹಸಿವು ಜಾಸ್ತಿ' ಅಂತ ಬರುವ ನೋಟಿಫಿಕೇಶನ್ ಇದೆಯಲ್ಲ, ಅದನ್ನು ಕಣ್ಣುಮುಚ್ಚಿ ನಂಬಬೇಡಿ.

ಎಲ್ಲರಿಗೂ 14ನೇ ದಿನವೇ ಅಂಡ ಬಿಡುಗಡೆ ಆಗುತ್ತದೆ ಎಂದುಕೊಂಡು ಇದು 15ರಿಂದಲೇ ಶುರು ಮಾಡುತ್ತದೆ. ನನ್ನ ಚಕ್ರ ಉದ್ದ, ಸುಮಾರು 34 ದಿನ. ಅಂಡ ಬಿಡುಗಡೆಯಿಂದ ಮುಟ್ಟಿನವರೆಗೆ ಹೆಚ್ಚಿನವರಿಗೆ ಎರಡು ವಾರದ ಆಸುಪಾಸು, ಹಿಗ್ಗುವುದು ಕುಗ್ಗುವುದೆಲ್ಲ ಅದಕ್ಕಿಂತ ಮುಂಚಿನ ಭಾಗವೇ. 34ರಿಂದ ಹಿಂದಕ್ಕೆ ಎಣಿಸಿದರೆ ನನ್ನದು 20ನೇ ದಿನದ ಹತ್ತಿರ ಬೀಳುತ್ತದೆ. ಹಾಗಾಗಿ ಆ್ಯಪ್ 'ಹಸಿವು' ಎನ್ನುವಾಗ ನನಗೆ ಊಟವೇ ಬೇಡ ಅನಿಸುತ್ತಿರುತ್ತದೆ!

ಅದಕ್ಕೆ ಕಾರಣವೂ ಇದೆ. ಅಂಡ ಬಿಡುಗಡೆಗೆ ಮುಂಚೆ ಈಸ್ಟ್ರೋಜನ್ ಏರಿರುತ್ತದೆ, ಅದು ಹಸಿವನ್ನು ತಗ್ಗಿಸುತ್ತದೆ. ಆಮೇಲೆ ಅಂಡ ಹೊರಬಿದ್ದ ಚೀಲ ಅಂಡಾಶಯದಲ್ಲೇ ಉಳಿದು ಕಾರ್ಪಸ್ ಲೂಟಿಯಂ ಆಗುತ್ತದೆ, ಅದು ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಸುರಿಸುತ್ತದೆ. ಪ್ರೊಜೆಸ್ಟರಾನ್ ಒಂದೇ ಹಸಿವು ಹುಟ್ಟಿಸುತ್ತದೆ ಅಂತಲ್ಲ, ಈಸ್ಟ್ರೋಜನ್ ಹಾಕಿದ ಕಡಿವಾಣವನ್ನು ಅದು ಸಡಿಲಿಸುತ್ತದೆ. ಜೊತೆಗೆ ಮೈಬಿಸಿ ಸ್ವಲ್ಪ ಏರಿ, ಸುಮ್ನೆ ಕೂತಿದ್ದರೂ ಖರ್ಚಾಗುವ ಶಕ್ತಿ ಕೊಂಚ ಹೆಚ್ಚುತ್ತದೆ. ಅಂದರೆ ಈ ಹಸಿವು ಚಪಲವಲ್ಲ, ನಿಜವಾದದ್ದೇ. ಆದರೆ ಸಾಮಾನ್ಯವಾಗಿ ದಿನಕ್ಕೆ ನೂರು, ಇನ್ನೂರು ಕ್ಯಾಲರಿಯಷ್ಟು ಮಾತ್ರ, ಎರಡು ಊಟದಷ್ಟಲ್ಲ. ಎಲ್ಲರಿಗೂ ಒಂದೇ ತರ ಇರುವುದೂ ಇಲ್ಲ.

ಆ್ಯಪ್‌ನಲ್ಲಿ ನನಗೆ ನಿಜಕ್ಕೂ ಕೆಲಸಕ್ಕೆ ಬಂದದ್ದು ಮೂಲೆಯಲ್ಲೆಲ್ಲೋ ಅಡಗಿರುವ ಉಷ್ಣಾಂಶದ ಕಾಲಂ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆಯೇ ಅಳೆದು ಬರೆಯಬೇಕು. ಹಿಂದಿನ ಆರು ದಿನಕ್ಕಿಂತ 0.2 ಡಿಗ್ರಿ ಸೆಲ್ಸಿಯಸ್ ಆದರೂ ಜಾಸ್ತಿಯಾಗಿ, ಅದು ಮೂರು ದಿನ ಹಾಗೇ ನಿಂತರೆ ಪ್ರೊಜೆಸ್ಟರಾನ್ ಬಂದಿದೆ ಅಂತ ಅರ್ಥ. ಜ್ವರ ಬಂದರೆ, ನಿದ್ದೆಗೆಟ್ಟರೆ ಈ ಲೆಕ್ಕ ಕೆಡುತ್ತದೆ. ಏರಿಕೆ ಕಂಡ ಮೇಲೆ ಊಟದಲ್ಲಿ ಪ್ರೋಟೀನ್ ಸ್ವಲ್ಪ ಹೆಚ್ಚಿಸಿ, ಸಂಜೆಯ ತಿಂಡಿಯನ್ನು ತಪ್ಪಿಸದೆ ತಿನ್ನುತ್ತೇನೆ. ಆಗ ರಾತ್ರಿ ಸಿಹಿ ಡಬ್ಬಿ ಹುಡುಕುವುದು ಕಡಿಮೆ, ನನಗಂತೂ.

ಕಿರಿಕಿರಿ ಆಗುವುದು ತೂಕದ ಗ್ರಾಫ್. ಮುಟ್ಟಿನ ಮುಂಚೆ ಮೈಯಲ್ಲಿ ನೀರು ನಿಂತು ತೂಕ ಏರಿದರೂ ಕೆಂಪು ಬಣ್ಣ ಹಚ್ಚಿ ಹೆದರಿಸುತ್ತದೆ, ಅದೇ ಮುಟ್ಟು ಶುರುವಾಗಿ ಕೆಲವು ದಿನಕ್ಕೆ ಇಳಿದುಹೋಗುತ್ತದೆ. ನಾನು ಆ ಗ್ರಾಫನ್ನೇ ಆಫ್ ಮಾಡಿದ್ದೇನೆ.

ಐದಕ್ಕೆ ಮೂರು ಸ್ಟಾರ್. ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡೂ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ಈ ಹಸಿವಿನ ಭವಿಷ್ಯವನ್ನು ಪೂರ್ತಿ ಬಿಟ್ಟುಬಿಡಿ. ಆ ಮಾತ್ರೆ ಅಂಡ ಬಿಡುಗಡೆಯನ್ನೇ ತಡೆಯುತ್ತದೆ, ಆದರೂ ಆ್ಯಪ್ ಮಾತ್ರ ಅದೇ 15ನೇ ದಿನ ನೋಟಿಫಿಕೇಶನ್ ಕಳಿಸುತ್ತದೆ.