ಡಾಕ್ಯುಮೆಂಟ್ ಇಲ್ಲದ ಪ್ರಾಜೆಕ್ಟಲ್ಲಿ ಹಳೇ ಚೆಕ್‌ಲಿಸ್ಟ್ ನಂಬ್ಕೊಂಡು ಸೈನ್ ಹಾಕ್ಬೇಡಿ

ಟೆಸ್ಟಿಂಗ್‌ನಲ್ಲಿ ಎಂಟು ಹತ್ತು ವರ್ಷ ಕಳೆದಿರೋರು ಇದನ್ನ ದಯವಿಟ್ಟು ಪೂರ್ತಿ ಓದಿ. ಹೊಸಬರಿಗಿಂತ ನಿಮಗೇ ಇದು ಜಾಸ್ತಿ ಬೇಕು. ಹೊಸಬರು ಗೊತ್ತಿಲ್ಲ ಅಂತ ಕೇಳ್ತಾರೆ, ನಾವು ಗೊತ್ತಿದೆ ಅಂದ್ಕೊಂಡು ಕೇಳೋದೇ ಬಿಟ್ಟಿರ್ತೀವಿ.

ನಾನು ಮೈಸೂರಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟರ್, 11 ವರ್ಷದ ಅನುಭವ, ಅದರಲ್ಲಿ ಜಾಸ್ತಿ ಆನ್‌ಲೈನ್ ಶಾಪಿಂಗ್ ಮತ್ತೆ ಪೇಮೆಂಟ್ ಸೈಟುಗಳದ್ದು. ಹಳ್ಳಿ ಡೈರಿಗಳಲ್ಲಿ ಬೆಳಗ್ಗೆ ಸಂಜೆ ಹಾಲು ಅಳೆಯೋಕೆ ಒಂದು ಸಾಫ್ಟ್‌ವೇರ್ ನಮ್ಮ ಕೈಗೆ ಬಂತು. ಹಾಲು ಹಾಕೋರ ನಂಬರ್ ಒತ್ತಿದ್ರೆ ತಕ್ಕಡಿಯಿಂದ ತೂಕ ಬರುತ್ತೆ, ಹಾಲು ಪರೀಕ್ಷೆ ಮೆಷಿನ್ನಿಂದ ಫ್ಯಾಟು ಮತ್ತೆ ಎಸ್‌ಎನ್‌ಎಫ್, ಅಂದ್ರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಬರುತ್ತೆ, ರೇಟು ಲೆಕ್ಕ ಹಾಕಿ ಚೀಟಿ ಪ್ರಿಂಟ್ ಆಗುತ್ತೆ. ಬರೆದಿದ್ದ ಡೆವಲಪರ್ ಕೆಲಸ ಬಿಟ್ಟು ಹೋಗಿದ್ರು. ಡಾಕ್ಯುಮೆಂಟ್ ಅಂತ ಇದ್ದಿದ್ದು ಎರಡು ಪುಟದ ಯೂಸರ್ ಗೈಡು ಮತ್ತೆ ರೇಟ್ ಚಾರ್ಟಿನ ಎಕ್ಸೆಲ್ಲು, ಅಷ್ಟೇ. ಟೆಸ್ಟಿಂಗಿಗೆ ಆರು ದಿನ.

ಇಂಥ ಕಡೆ ನಾವೆಲ್ಲ ಮಾಡೋದೇ ಎರಡು. ಒಂದು ಎರರ್ ಗೆಸ್ಸಿಂಗ್, ಅಂದ್ರೆ ಎಲ್ಲಿ ತಪ್ಪಾಗಿರಬಹುದು ಅಂತ ಅನುಭವದಿಂದ ಊಹಿಸಿ ಅಲ್ಲಿಗೇ ಕೈ ಹಾಕೋದು. ಇನ್ನೊಂದು ಚೆಕ್‌ಲಿಸ್ಟ್. ನನ್ನ ಹತ್ರ ಹಿಂದಿನ ಕೆಲಸದಿಂದ ತಂದಿದ್ದ 140 ಪಾಯಿಂಟಿನ ಚೆಕ್‌ಲಿಸ್ಟ್ ಇತ್ತು. ಖಾಲಿ ಫೀಲ್ಡು, ಮೈನಸ್ ನಂಬರು, ಸೊನ್ನೆ, ಉದ್ದದ ಹೆಸರು, ಎರಡು ಸಲ ಸೇವ್ ಒತ್ತೋದು, ನೆಟ್ ಹೋಗೋದು, ಫೆಬ್ರವರಿ 29. ಅದಕ್ಕೆ ಡೈರಿಗೆ ಅಂತ ಹತ್ತೋ ಹನ್ನೊಂದೋ ಸೇರಿಸಿದೆ. ಅದರಲ್ಲಿ ಒಂದು ಸಾಲು ಹೀಗಿತ್ತು: "ಮೆಷಿನ್ನಿಂದ ಫ್ಯಾಟ್ ಸರಿಯಾಗಿ ಬರ್ತಿದೆಯಾ?" ಮೆಷಿನ್ ನಮ್ಮ ಹತ್ರ ಇರ್ಲಿಲ್ಲ, ಡೆವಲಪರ್ ಬಿಟ್ಟು ಹೋಗಿದ್ದ ಸಿಮ್ಯುಲೇಟರ್ ಪ್ರೋಗ್ರಾಮ್ ಇತ್ತು, ಒಂದು ಸೆಕೆಂಡಲ್ಲಿ ಫ್ಯಾಟ್ ಕಳಿಸ್ತಿತ್ತು. ಬಂತು, ಟಿಕ್ ಹಾಕಿದೆ.

ನಮ್ಮ ಟೀಮಿಗೆ ಸೇರಿ ಐದು ತಿಂಗಳಾಗಿದ್ದ ಹುಡುಗಿ ಆವಾಗ್ಲೇ ಕೇಳಿದ್ಲು, "ಸರ್, ಮೆಷಿನ್ ಲೇಟಾಗಿ ಕಳಿಸಿದ್ರೆ ಏನಾಗುತ್ತೆ?" ಅದು ಹಾರ್ಡ್‌ವೇರ್‌ನೋರು ನೋಡ್ಕೋತಾರೆ ಬಿಡಮ್ಮ ಅಂದೆ. ಆ ಮಾತು ಇವತ್ತಿಗೂ ನನ್ನ ಎದೇಲಿ ಕೂತಿದೆ.

ಸಾಫ್ಟ್‌ವೇರ್ ಮಂಡ್ಯ ಕಡೆ ಒಂದಷ್ಟು ಡೈರಿಗೆ ಹೋಯ್ತು. ಒಂದು ತಿಂಗಳಾದ ಮೇಲೆ ಪಾಂಡವಪುರದ ಹತ್ರದ ಒಂದು ಹಳ್ಳಿಯಿಂದ ಕಂಪ್ಲೇಂಟು. ಒಬ್ಬ ಅಮ್ಮನಿಗೆ ಎರಡು ಬಿಲ್ಲಿಂದ ದುಡ್ಡು ಕಮ್ಮಿ ಬರ್ತಿದೆ ಅಂತ. ಸಪೋರ್ಟಿನವರ ಜೊತೆ ನಾನೂ ಹೋದೆ. ಆ ಅಮ್ಮ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಲ್ಲಿ ಜೋಪಾನ ಮಾಡಿದ್ರು. "ನೋಡಪ್ಪ, ಸಂಜೆ ಹೊತ್ತು 4.7, 4.8 ಬತ್ತದೆ, ಬೆಳಗ್ಗೆ 3.4 ಅಂತದೆ, ಒಂದೇ ಹಸ ಕಣಪ್ಪ, ನಾನೇನು ನೀರ್ ಬೆರುಸ್ತೀನಾ?" ಅಂದ್ರು. ಡೈರಿ ಸೆಕ್ರೆಟರಿ ಆ ಅಮ್ಮನಿಗೆ ಮೊದಲೇ ಹೇಳಿದ್ರಂತೆ, ಬೆಳಗ್ಗೆ ಹಾಲಲ್ಲಿ ಫ್ಯಾಟು ಕಮ್ಮಿನೇ ಇರೋದು ಕಣಕ್ಕ ಅಂತ. ಅದು ಸುಳ್ಳಲ್ಲ, ರಾತ್ರಿ ಕರೆಯೋ ಅಂತರ ಜಾಸ್ತಿ ಇದ್ರೆ ಬೆಳಗಿನ ಹಾಲಲ್ಲಿ ಫ್ಯಾಟು ಸ್ವಲ್ಪ ಇಳಿಯುತ್ತೆ. ಆದ್ರೆ ಸಾಮಾನ್ಯವಾಗಿ ಇಷ್ಟೊಂದು ಇಳಿಯಲ್ಲ, ಮತ್ತೆ ಕೆಲವು ಬೆಳಗ್ಗೆ 4.5 ಬಂದಿದೆ, ಮಾರನೇ ದಿನ 3.4. ಎರಡನೇ ಬಿಲ್ಲಿನ 15 ದಿನದಲ್ಲಿ 9 ಬೆಳಗ್ಗೆ ಹಾಗೆ. ಆರು ಲೀಟರ್ ಹಾಲು, ಆ ಚಾರ್ಟಲ್ಲಿ ಲೀಟರಿಗೆ ಹತ್ರ ಹತ್ರ ಮೂರು ರೂಪಾಯಿ ವ್ಯತ್ಯಾಸ, ಅಂದ್ರೆ ಒಂದು ಬಿಲ್ಲಿಗೆ 160 ರೂಪಾಯಿ ಹತ್ರ. ನಮಗೆ ಸಣ್ಣದು ಅನ್ಸುತ್ತೆ, ಅವರಿಗೆ ಅದು ಹಿಂಡಿ ದುಡ್ಡು.

ಮಾರನೇ ದಿನ ಬೆಳಗ್ಗೆ ಡೈರಿ ಬಾಗಿಲಲ್ಲೇ ನಿಂತ್ಕೊಂಡೆ. ಒಂದು ಗಂಟೆ ನೋಡಿದ್ರೆ ಸಾಕಾಯ್ತು. ತಕ್ಕಡಿ ತೂಕ ತಕ್ಷಣ ಬರುತ್ತೆ, ಪರೀಕ್ಷೆ ಮೆಷಿನ್ನು ಒಂದು ಸ್ಯಾಂಪಲ್ಲಿಗೆ ಮುಕ್ಕಾಲು ನಿಮಿಷ ತಗೊಳುತ್ತೆ, ಹಿಂದೆ ಕ್ಯಾನ್ ಹಿಡ್ಕೊಂಡು ನಲವತ್ತು ಜನ ನಿಂತಿದಾರೆ, ಹಾಲಿನ ಲಾರಿ ಬರೋ ಹೊತ್ತಾಗಿದೆ. ಸ್ಕ್ರೀನ್ ಮೇಲೆ ಫ್ಯಾಟ್ ಜಾಗದಲ್ಲಿ ಒಂದು ನಂಬರ್ ಕಾಣುತ್ತೆ, ಸೆಕ್ರೆಟರಿ ಎಂಟರ್ ಒತ್ತುತಾರೆ. ಆ ನಂಬರು ಯಾರದ್ದು? ಈಗಷ್ಟೇ ಹಾಲು ಹಾಕಿ ಹೋದವರದ್ದು. ಹೊಸ ನಂಬರ್ ಒತ್ತಿದಾಗ ಪ್ರೋಗ್ರಾಮ್ ಹಳೇ ಫ್ಯಾಟನ್ನ ಅಳಿಸ್ತಾನೇ ಇರ್ಲಿಲ್ಲ. ಹಳ್ಳೀಲಿ ಕ್ಯೂ ಹೆಚ್ಚುಕಮ್ಮಿ ದಿನಾ ಅದೇ, ಮನೆ ಅಕ್ಕಪಕ್ಕದೋರು ಒಟ್ಟಿಗೆ ಬರ್ತಾರೆ. ಈ ಅಮ್ಮನ ಮುಂದೆ ದಿನಾ ನಿಲ್ಲೋರ ಮನೇಲಿ ಕಪ್ಪುಬಿಳಿ ಸೀಮೆ ಹಸು, ಹಾಲು ಜಾಸ್ತಿ, ಫ್ಯಾಟು 3.4. ಸಂಜೆ ರಶ್ ಕಮ್ಮಿ, ಅದಕ್ಕೇ ಸಂಜೆ ಸರಿ ಬರ್ತಿತ್ತು.

ಇದರಿಂದ ಲಾಭ ಆದೋರೂ ಇದ್ರು, ಕ್ಯೂನಲ್ಲಿ ತಮಗಿಂತ ಮುಂಚೆ ನಿಂತವರ ಒಳ್ಳೇ ಫ್ಯಾಟು ಸಿಕ್ಕಿದೋರು. ಅವರು ಯಾಕೆ ಕಂಪ್ಲೇಂಟ್ ಮಾಡ್ತಾರೆ? ಕಂಪ್ಲೇಂಟ್ ಬರ್ಲಿಲ್ಲ ಅಂದ್ರೆ ಬಗ್ ಇಲ್ಲ ಅಂತ ತಿಳ್ಕೊಂಡಿದ್ದೂ ನಮ್ಮ ತಪ್ಪೇ.

ಯಾಕೆ ನನ್ನ ಊಹೆಗೆ ಇದು ಬರ್ಲಿಲ್ಲ ಅಂತ ಬಹಳ ಯೋಚನೆ ಮಾಡಿದೀನಿ. ಎರರ್ ಗೆಸ್ಸಿಂಗ್ ಅಂದ್ರೆ ನಾವು ಹಿಂದೆ ಕಂಡಿರೋ ತಪ್ಪುಗಳ ನೆನಪು. ನನ್ನ ನೆನಪೆಲ್ಲ ವೆಬ್‌ಸೈಟಿನದ್ದು, ಅಲ್ಲಿ ಟೈಪ್ ಮಾಡೋದು ಮನುಷ್ಯ. ಇಲ್ಲಿ ಅರ್ಧ ಡೇಟಾ ಕೊಡೋದು ಮೆಷಿನ್ನು, ಅದಕ್ಕೆ ಅದರದ್ದೇ ಟೈಮು. ಅನುಭವ ಬೇರೆ ಜಾಗದ್ದಾಗಿತ್ತು, ನಾನು ಅದನ್ನ ಇಲ್ಲೂ ನಡೆಯುತ್ತೆ ಅಂದ್ಕೊಂಡೆ. ಚೆಕ್‌ಲಿಸ್ಟ್ ಕಥೆನೂ ಅದೇ. 140 ಪಾಯಿಂಟಲ್ಲಿ ಎಷ್ಟೋ ಈಗಿನ ಫ್ರೇಮ್‌ವರ್ಕೇ ತಡೆಯೋ ತಪ್ಪುಗಳು, ಟಿಕ್ ಬೀಳೋಕೇ ಇರೋವು. 2023ರ ಐಎಸ್‌ಟಿಕ್ಯೂಬಿ ಫೌಂಡೇಶನ್ ಸಿಲಬಸ್ಸಲ್ಲಿ ಇದು ನೇರವಾಗೇ ಇದೆ: ಚೆಕ್‌ಲಿಸ್ಟಿನ ಪಾಯಿಂಟುಗಳು ಕಾಲ ಕಳೆದಂತೆ ಮಂಕಾಗ್ತವೆ, ಡೆವಲಪರುಗಳು ಅದೇ ತಪ್ಪು ಮಾಡೋದು ಬಿಡ್ತಾರೆ, ಹೊಸದಾಗಿ ಸಿಕ್ಕ ದೊಡ್ಡ ಬಗ್ಗುಗಳಿಂದ ಹೊಸ ಪಾಯಿಂಟ್ ಸೇರಿಸ್ಬೇಕು, ತೀರಾ ಜನರಲ್ ಆದ ಪಾಯಿಂಟ್ ಇಡಬಾರದು. ಪರೀಕ್ಷೆಗೆ ಓದಿದ್ದೆ, ಪಾಸೂ ಆಗಿದ್ದೆ. "ಸರಿಯಾಗಿ ಬರ್ತಿದೆಯಾ" ಅನ್ನೋದಕ್ಕಿಂತ ಜನರಲ್ ಸಾಲು ಇನ್ನೊಂದಿಲ್ಲ.

ಇನ್ನೂ ಒಂದು ಕೇಳಿ, ಇದು ಮುಖ್ಯ. ಫಿಕ್ಸ್ ಬೇಗನೇ ಬಂತು, ಹೊಸ ನಂಬರ್ ಒತ್ತಿದ ತಕ್ಷಣ ಫ್ಯಾಟ್ ಖಾಲಿ, ಹೊಸ ರೀಡಿಂಗ್ ಬರೋವರೆಗೂ ಸೇವ್ ಆಗಲ್ಲ. ಎಲ್ಲರೂ ಖುಷಿ. ಈ ಸಲ ನಾನು ತಲೇಲಿ ಊಹಿಸೋದು ಬಿಟ್ಟು ಕಾಗದದಲ್ಲಿ ಮೂರು ಕಾಲಂ ಹಾಕಿದೆ: ಡೆವಲಪರ್ ಏನು ಮರೆತಿರಬಹುದು, ಅದರಿಂದ ಒಳಗೆ ಏನು ಕೆಡುತ್ತೆ, ಚೀಟೀಲಿ ಅದು ಹೆಂಗೆ ಕಾಣುತ್ತೆ. ಫಾಲ್ಟ್ ಅಟ್ಯಾಕ್ ಅಂತಾರಲ್ಲ, ಅದೇ. ಆ ಹುಡುಗೀನ ಪಕ್ಕ ಕೂರಿಸ್ಕೊಂಡು, ಸೆಕ್ರೆಟರಿಗೆ ಫೋನ್ ಮಾಡಿ, ಮೆಷಿನ್ ನಿಧಾನ ಆದ್ರೆ ನೀವೇನು ಮಾಡ್ತೀರಿ ಅಣ್ಣ ಅಂತ ಕೇಳಿದ್ವಿ. "ಎಸ್ಕೇಪ್ ಒತ್ತಿ ಮುಂದಿನೋರ್ನ ತಗೋತೀನಿ, ಇವ್ರನ್ನ ಆಮೇಲೆ ಕರೀತೀನಿ" ಅಂದ್ರು. ಅಲ್ಲೇ ಮೊದಲನೇ ಸಾಲು ಹುಟ್ತು. ಸಿಮ್ಯುಲೇಟರಿಗೆ ತಡ ಸೇರಿಸಿದ್ವಿ: 1 ಸೆಕೆಂಡ್, 45, 70, ಮತ್ತೆ ಯಾವತ್ತೂ ಕಳಿಸದೇ ಇರೋದು. 70ರಲ್ಲಿ 17ನೇ ನಂಬರಿಗೆ ಎಸ್ಕೇಪ್ ಒತ್ತಿ 18 ತಗೊಂಡ್ವಿ. 17ರ ರೀಡಿಂಗ್ ಆರಾಮಾಗಿ ಬಂದು 18ರ ಚೀಟೀಲಿ ಕೂತ್ಕೊಳ್ತು. ಅಂದ್ರೆ ಮೊದಲ ಫಿಕ್ಸು ಬಗ್ಗನ್ನ ಸಾಯಿಸಿರ್ಲಿಲ್ಲ, ಜಾಗ ಬದಲಾಯಿಸಿತ್ತು. ಕ್ಯಾನ್ಸಲ್ ಆದ ಸ್ಯಾಂಪಲ್ಲಿನ ರೀಡಿಂಗ್ ಬಂದು ಬಿಸಾಕೋವರೆಗೂ ಮುಂದಿನ ನಂಬರ್ ತಗೊಳ್ಳದ ಹಾಗೆ ಮಾಡಿದ ಮೇಲೇ ಬಿಟ್ಟಿದ್ದು.

ಚೆಕ್‌ಲಿಸ್ಟಿನ ಆ ಸಾಲು ಈಗ ಮೂರು ಪ್ರಶ್ನೆ ಆಗಿದೆ. ರೀಡಿಂಗ್ ಬರೋ ಮುಂಚೆ ಸೇವ್ ಒತ್ತಿದ್ರೆ ಚೀಟೀಲಿ ಯಾರ ಫ್ಯಾಟು ಬರುತ್ತೆ? ಕ್ಯಾನ್ಸಲ್ ಮಾಡಿದ ಮೇಲೆ ಬಂದ ರೀಡಿಂಗ್ ಎಲ್ಲಿ ಹೋಗುತ್ತೆ? ಮಧ್ಯ ಕರೆಂಟ್ ಹೋಗಿ ಬಂದ್ರೆ ಅರ್ಧ ಆದ ಚೀಟಿ ಏನಾಗುತ್ತೆ? ಪ್ರತಿ ಸಾಲಿನ ಪಕ್ಕ, ಇದು ಯಾವ ಬಗ್ಗಿಂದ ಬಂತು, ಕೊನೇಲಿ ಯಾವಾಗ ಬಗ್ ಹಿಡೀತು ಅಂತ ಬರೀತೀನಿ. ಹಳೇ 140ರಲ್ಲಿ ಈಗ ಉಳಿದಿರೋದು 31. ಕಂಪ್ಯೂಟರೇ ಚೆಕ್ ಮಾಡಬಹುದಾದ ಖಾಲಿ ಫೀಲ್ಡ್ ಥರದ್ದೆಲ್ಲ ಆಟೊಮೇಷನ್ನಿಗೆ ಹೋಯ್ತು.

ಇಂಥದ್ದೇ ಸಾಫ್ಟ್‌ವೇರ್ ನೋಡ್ತಿರೋರು ಇವತ್ತೇ ಈ ಕ್ವೆರಿ ಓಡಿಸಿ, ಟೇಬಲ್, ಕಾಲಂ ಹೆಸರು ನಿಮ್ಮದಕ್ಕೆ ಬದಲಾಯಿಸ್ಕೊಳ್ಳಿ:

```sql
SELECT b.society_id, b.coll_date, b.shift, b.slip_no,
       a.member_no AS prev_member, b.member_no, b.fat, b.snf
FROM collection a
JOIN collection b
  ON b.society_id = a.society_id
 AND b.coll_date = a.coll_date
 AND b.shift = a.shift
 AND b.slip_no = a.slip_no + 1
WHERE b.fat = a.fat AND b.snf = a.snf;
```

ಅಕ್ಕಪಕ್ಕದ ಎರಡು ಚೀಟೀಲಿ ಫ್ಯಾಟು ಎಸ್‌ಎನ್‌ಎಫ್ ಎರಡೂ ಒಂದೇ ಇರೋದನ್ನ ಇದು ತೋರಿಸುತ್ತೆ. ಒಂದೊಂದು ಸಲ ಆಕಸ್ಮಿಕವಾಗೂ ಹಾಗೆ ಬರುತ್ತೆ, ಅದಕ್ಕೆ ಒಂದು ಸಾಲು ನೋಡಿ ತೀರ್ಮಾನ ಮಾಡ್ಬೇಡಿ, ಅದೇ ಜೋಡಿ ಮತ್ತೆ ಮತ್ತೆ ಬರ್ತಿದೆಯಾ ನೋಡಿ, ಮೆಷಿನ್ನು ಕಳಿಸೋ ಡೆನ್ಸಿಟಿನೂ ಸೇವ್ ಆಗ್ತಿದ್ರೆ ಅದನ್ನೂ ಹೋಲಿಸಿ. ಒಂದು ಸ್ಥಾನ ಜರುಗಿದ ರೀಡಿಂಗನ್ನ, ಅಂದ್ರೆ 17ರದ್ದು 18ಕ್ಕೆ ಹೋಗಿರೋದನ್ನ, ಈ ಕ್ವೆರಿ ಹಿಡಿಯಲ್ಲ. ಅದಕ್ಕೆ ಮೆಷಿನ್ನಿಂದ ಬಂದ ಸಾಲನ್ನ ಟೈಮ್ ಸಮೇತ ಹಾಗೇ ಲಾಗ್ ಫೈಲಿಗೆ ಬರೆಸ್ಬೇಕು. ನಮ್ಮಲ್ಲಿ ಆ ಲಾಗ್ ಇರ್ಲಿಲ್ಲ. ಆ ಅಮ್ಮನ ಎರಡು ಬಿಲ್ಲಿನ ವ್ಯತ್ಯಾಸ ಅವರದ್ದೇ ಸಂಜೆ ಚೀಟಿಗಳ ಆಧಾರದ ಮೇಲೆ ಕೊಡಿಸೋಕಾಯ್ತು, ಅವರು ಚೀಟಿ ಇಟ್ಕೊಂಡಿದ್ರು. ಚೀಟಿ ಬಿಸಾಕಿದ್ದ ಬೇರೆಯವರಲ್ಲಿ ಕೆಲವರಿಗೆ ತಮಗೆ ಕಮ್ಮಿ ಬಂದಿದೆ ಅನ್ನೋದೇ ಗೊತ್ತಿರ್ಲಿಲ್ಲ, ಅವರ ನಿಜವಾದ ಫ್ಯಾಟು ಆ ದಿನಗಳಲ್ಲಿ ಎಷ್ಟಿತ್ತು ಅಂತ ಈಗ ಯಾವ ಡೇಟಾಬೇಸಲ್ಲೂ ಇಲ್ಲ.